ಪದ ಪರಿಚಯ: ಟರ್ಗರ್ ಒತ್ತಡ

‘ಟರ್ಗರ್ ಒತ್ತಡ ಜಾಸ್ತಿಯಾದಾಗ ಸಸ್ಯಕೋಶ ಬಲೂನಿನಂತೆ ಉಬ್ಬಿ ಉದ್ದವಾಗುತ್ತದೆ.’ ಈ ತಿಂಗಳಲ್ಲಿ ಈ ಸಾಲನ್ನು ಮೂರನೇ ಸಲ ಓದಿದೆ. ಮೂರು ಕಡೆಯೂ ಅದೇ ಬಲೂನು. ಇಷ್ಟು ಚಿಕ್ಕ ಸಾಲಿನಲ್ಲಿ ಎರಡು ತಪ್ಪುಗಳಿವೆ.

ಪದದ ಮೂಲವೂ ಇದಕ್ಕೆ ಸ್ವಲ್ಪ ಕಾರಣ. ಲ್ಯಾಟಿನ್‌ನ ‘ಟರ್ಗೆರೆ’ ಎಂದರೆ ಉಬ್ಬು, ಊದಿಕೊಳ್ಳು. ನಮ್ಮಲ್ಲಿ ಕೆಲವರು ಬಳಸುವ ‘ಸ್ಫೀತ’ಕ್ಕೂ ಉಬ್ಬಿದ್ದು ಎಂದೇ ಅರ್ಥ. ಆದರೆ ಸಸ್ಯಶಾಸ್ತ್ರದಲ್ಲಿ ಈ ಪದ ಹೇಳುವುದು, ಉಬ್ಬಲು ಬಿಡದಿದ್ದಾಗ ಹುಟ್ಟುವ ಬಿಗಿಯನ್ನು. ಕೋಶದೊಳಗೆ ಸಕ್ಕರೆ, ಲವಣಗಳು ಕರಗಿರುವುದರಿಂದ ನೀರು ಒಳಗೆ ಬರುತ್ತದೆ. ಕೋಶಭಿತ್ತಿ ತಡೆದು ನಿಲ್ಲುತ್ತದೆ. ಅದು ತಡೆಯುವುದರಿಂದಲೇ ಒತ್ತಡ ಏಳುವುದು. ಕಿಣ್ವ ಹಾಕಿ ಭಿತ್ತಿಯನ್ನು ಕರಗಿಸಿ, ಬರಿಯ ಕೋಶವನ್ನು ಶುದ್ಧ ನೀರಿಗೆ ಬಿಟ್ಟರೆ ಅದು ಉಬ್ಬುತ್ತಾ ಹೋಗಿ ಒಡೆದುಬಿಡುತ್ತದೆ. ಅಲ್ಲಿ ಉಬ್ಬು ಬೇಕಾದಷ್ಟಿದೆ, ಟರ್ಗರ್ ಇಲ್ಲ. ‘ಬಿಗುಪು’ ಎಂದರೆ ಅರ್ಥಕ್ಕೆ ಹೆಚ್ಚು ಹತ್ತಿರ ಎಂದು ನನಗನ್ನಿಸುತ್ತದೆ.

ಈಗ ಮೊದಲ ತಪ್ಪು: ‘ಒತ್ತಡ ಜಾಸ್ತಿಯಾದಾಗ’. ಬೆಳೆಯುವ ಕೋಶದಲ್ಲಿ ಒತ್ತಡ ಸಾಮಾನ್ಯವಾಗಿ ಮೊದಲೇ ಇರುತ್ತದೆ, ಸುಮಾರು 0.3ರಿಂದ 1 ಮೆಗಾಪ್ಯಾಸ್ಕಲ್. ಕಾರಿನ ಟೈರಿನಲ್ಲಿರುವುದು ಹೆಚ್ಚುಕಡಿಮೆ 0.2. ಅಷ್ಟು ಒತ್ತಡವಿದ್ದರೂ ಭಿತ್ತಿ ಸಡಿಲವಾಗುವವರೆಗೆ ಕೋಶ ಬೆಳೆಯುವುದಿಲ್ಲ. ಸಡಿಲ ಮಾಡುವುದು ಕೋಶವೇ. ಅದು ಭಿತ್ತಿಯೊಳಗೆ ಆಮ್ಲೀಯತೆ ಹೆಚ್ಚಿಸುತ್ತದೆ. ಆಗ ಎಕ್ಸ್‌ಪ್ಯಾನ್ಸಿನ್ ಎಂಬ ಪ್ರೋಟೀನ್‌ಗಳು ಚುರುಕಾಗಿ ಸೆಲ್ಯುಲೋಸ್ ಎಳೆಗಳ ನಡುವಿನ ಹಿಡಿತವನ್ನು ಬಿಡಿಸುತ್ತವೆ. ಎಳೆಗಳು ಜರುಗುತ್ತವೆ, ಭಿತ್ತಿ ಸ್ವಲ್ಪ ಸೋಲುತ್ತದೆ, ಒಳಗಿನ ಒತ್ತಡ ಒಂದಿಷ್ಟು *ಇಳಿಯುತ್ತದೆ*. ಇಳಿದಿದ್ದಕ್ಕೇ ಹೊರಗಿನಿಂದ ನೀರು ಬರುವುದು, ಕೋಶ ದೊಡ್ಡದಾಗುವುದು. ಒತ್ತಡ ಏರಿದ್ದರಿಂದ ಬೆಳೆಯಿತು ಎಂದರೆ ಕತೆಯನ್ನು ತಲೆಕೆಳಗು ಮಾಡಿದಂತೆ, ಅಲ್ವಾ?

ಬಾಡಿದ ಗಿಡಕ್ಕೆ ನೀರು ಹಾಕಿದರೆ ಎದ್ದು ನಿಲ್ಲುತ್ತದಲ್ಲ, ಅಲ್ಲಿ ಒತ್ತಡ ನಿಜಕ್ಕೂ ಏರುತ್ತದೆ. ಆದರೆ ಅದು ಬೆಳವಣಿಗೆಯಲ್ಲ. ಹಿಗ್ಗಿದ ಭಿತ್ತಿ ಮತ್ತೆ ಕುಗ್ಗಬಲ್ಲದು. ಪರೀಕ್ಷಿಸಬೇಕೆಂದರೆ ಎಳೆಯ ಕಾಂಡದ ತುಂಡನ್ನು ಗಟ್ಟಿ ಸಕ್ಕರೆ ದ್ರಾವಣದಲ್ಲಿಡಿ. ನೀರು ಹೊರಬಂದು ಒತ್ತಡ ಹೋಗುತ್ತದೆ. ಸುಮ್ನೆ ಹಿಗ್ಗಿದ್ದ ಉದ್ದವೆಲ್ಲ ವಾಪಸು ಕುಗ್ಗುತ್ತದೆ, ನಿಜವಾಗಿ ಬೆಳೆದ ಉದ್ದ ಹಾಗೇ ಉಳಿಯುತ್ತದೆ.

ಎರಡನೆಯ ತಪ್ಪು ‘ಉದ್ದವಾಗುತ್ತದೆ’ ಎಂಬಲ್ಲಿದೆ. ಒತ್ತಡಕ್ಕೆ ದಿಕ್ಕಿಲ್ಲ. ಅದು ಎಲ್ಲ ಕಡೆಗೂ ಒಂದೇ ಸಮ ತಳ್ಳುತ್ತದೆ. ಹಾಗಿದ್ದರೆ ಉದ್ದವೇ ಏಕೆ?

ಲೆಕ್ಕ ಹಾಕಿ ನೋಡೋಣ. ಕೊಳವೆಯಾಕಾರದ ಒಂದು ಕೋಶ. ತ್ರಿಜ್ಯ 10 ಮೈಕ್ರೋಮೀಟರ್, ಭಿತ್ತಿಯ ದಪ್ಪ 0.2 ಮೈಕ್ರೋಮೀಟರ್, ಒತ್ತಡ 0.6 ಮೆಗಾಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಸುತ್ತಳತೆಯ ಕಡೆಗೆ ಭಿತ್ತಿಯ ಮೇಲೆ ಬೀಳುವ ಎಳೆತವೆಂದರೆ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದ್ದು. ಅದು 30 ಮೆಗಾಪ್ಯಾಸ್ಕಲ್. ಉದ್ದದ ಕಡೆಗೆ ಬೀಳುವುದು ಅದರ ಅರ್ಧ, 15. ನೀರಿನ ಪೈಪು ಒಡೆದಾಗ ಉದ್ದಕ್ಕೆ ಸೀಳುವುದೂ ಇದೇ ಕಾರಣಕ್ಕೆ. ಅಂದರೆ ಎಲ್ಲ ಕಡೆ ಒಂದೇ ಗಟ್ಟಿಯಿರುವ ಭಿತ್ತಿಯಾಗಿದ್ದರೆ ಕೋಶ ಉದ್ದವಾಗುವ ಬದಲು ದಪ್ಪವಾಗಬೇಕಿತ್ತು!

ಅದನ್ನು ತಡೆಯುವುದು ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು. ಒಂದೊಂದರ ದಪ್ಪ ಸುಮಾರು 3 ನ್ಯಾನೋಮೀಟರ್ ಅಷ್ಟೆ, ಎಳೆದರೆ ಹಿಗ್ಗುವ ಜಾತಿಯಲ್ಲ. ಉದ್ದವಾಗುವ ಕೋಶದಲ್ಲಿ ಇವು ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿಗಳಂತೆ ಅಡ್ಡಡ್ಡ ಸುತ್ತಿರುತ್ತವೆ. ಸುತ್ತಳತೆ ಹಿಗ್ಗಬೇಕಾದರೆ ಎಳೆಗಳೇ ಹಿಗ್ಗಬೇಕು, ಅದು ಆಗುವ ಮಾತಲ್ಲ. ಉದ್ದ ಹಿಗ್ಗಲು ಒಂದು ಎಳೆಯಿಂದ ಇನ್ನೊಂದು ದೂರ ಸರಿದರೆ ಸಾಕು.

ಎಳೆಗಳನ್ನು ಅಡ್ಡಡ್ಡ ಇರುವಂತೆ ಮಾಡುವವರು ಯಾರು? 1962ರಲ್ಲಿ ಪಾಲ್ ಗ್ರೀನ್ ನೈಟೆಲ್ಲಾ ಎಂಬ ಪಾಚಿಯ ಉದ್ದನೆಯ ಕೋಶಗಳಿಗೆ ಕಾಲ್ಚಿಸಿನ್ ಎಂಬ ರಾಸಾಯನಿಕ ಕೊಟ್ಟು ನೋಡಿದರು. ಕೋಶಗಳು ಬೆಳೆಯುವುದನ್ನು ನಿಲ್ಲಿಸಲಿಲ್ಲ, ಆದರೆ ಉದ್ದವಾಗುವುದನ್ನು ಬಿಟ್ಟು ಉಂಡೆಯಾಗತೊಡಗಿದವು. ಕಾಲ್ಚಿಸಿನ್ ಕೆಡಿಸುವುದು ಕೋಶದೊಳಗಿರುವ ಸೂಕ್ಷ್ಮನಾಳಗಳೆಂಬ ಪ್ರೋಟೀನಿನ ಸಣ್ಣ ಕೊಳವೆಗಳನ್ನು. ಮರುವರ್ಷವೇ ಲೆಡ್‌ಬೆಟರ್ ಮತ್ತು ಪೋರ್ಟರ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ನಾಳಗಳನ್ನು ಸಸ್ಯಕೋಶದ ಪೊರೆಯ ಒಳಬದಿಯಲ್ಲೇ ಕಂಡರು. ಹೊರಗೆ ಸೆಲ್ಯುಲೋಸ್ ಎಳೆಗಳು ಯಾವ ದಿಕ್ಕಿಗಿದ್ದವೋ ಒಳಗೆ ನಾಳಗಳೂ ಅದೇ ದಿಕ್ಕಿಗೆ ಸಾಲಾಗಿದ್ದವು. ಸೆಲ್ಯುಲೋಸ್ ನೇಯುವ ಕಿಣ್ವಗಳು ಪೊರೆಯಲ್ಲಿ ಈ ನಾಳಗಳ ಜಾಡು ಹಿಡಿದೇ ಸಾಗುವುದನ್ನು 2006ರಲ್ಲಿ ಜೀವಂತ ಕೋಶದಲ್ಲೇ ನೋಡಿದ್ದಾರೆ.