ಕೆರೆದಲ್ಲೆಲ್ಲ ಬಾಸುಂಡೆ ಏಳುತ್ತಾ? ಅದು ಮಾಮೂಲಿ ಗಂಧೆ ಅಲ್ದೇ ಇರಬಹುದು

ಗಂಧೆ ಅಂತ ಹೇಳ್ಕೊಂಡು ಬರೋರಲ್ಲಿ ಒಂದು ಗುಂಪಿದೆ, ಅವರು ನಮ್ಮ ಮುಂದೆ ಬಂದು ಕೂರೋ ಹೊತ್ತಿಗೆ ಮೈ ಮೇಲೆ ಏನೂ ಇರಲ್ಲ. ಫೋನ್ ತೆಗೆದು ಫೋಟೋ ತೋರಿಸ್ತಾರೆ, ಅದರಲ್ಲಿ ಉಗುರು ಹೋದ ದಾರಿಯಲ್ಲೇ ಉದ್ದುದ್ದ ಗೆರೆಗಳು, ಬೆತ್ತದಲ್ಲಿ ಹೊಡೆದ ಹಾಗೆ ಉಬ್ಬಿರುತ್ತೆ. "ಡಾಕ್ಟ್ರೇ, ಬೆಳಿಗ್ಗೆ ಹೀಗಿತ್ತು, ಈಗ ಮಾಯ ಆಗಿದೆ, ನೀವು ನಂಬಲ್ಲ ಅಂತ ಫೋಟೋ ಹೊಡ್ಕೊಂಡ್ ಬಂದೆ" ಅಂತಾರೆ. ನಂಬದೇ ಏನು, ಆ ಗೆರೆ ಇಷ್ಟು ಬೇಗ ಮಾಯ ಆಗಿದ್ದೇ ನಮಗೆ ದೊಡ್ಡ ಸುಳಿವು. ಇದಕ್ಕೆ ಡರ್ಮಟೋಗ್ರಾಫಿಸಂ ಅಂತಾರೆ, ಗಂಧೆಯ ಕುಟುಂಬದ್ದೇ ಆದ್ರೂ ನಡವಳಿಕೆ ಬೇರೆ. ಈ ಎರಡನ್ನೂ ಒಂದೇ ಅಂದ್ಕೊಂಡ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಕೇಸ್ ಹೇಳ್ತೀನಿ.

26 ವರ್ಷದ ಹುಡುಗಿ, ಆಫೀಸ್ ಕೆಲಸ. ಸಂಜೆ ಮನೆಗೆ ಬಂದು ಬಟ್ಟೆ ಬದಲಾಯಿಸಿದ ಕೂಡಲೇ ಸೊಂಟದ ಸುತ್ತ ಎಲಾಸ್ಟಿಕ್ ಇದ್ದ ಜಾಗದಲ್ಲಿ, ಬ್ರಾ ಪಟ್ಟಿ ಕೆಳಗೆ, ಬ್ಯಾಗ್ ಹಾಕೋ ಭುಜದಲ್ಲಿ ತುರಿಕೆ ಶುರು. ಕೆರೆದ್ರೆ ಅಲ್ಲೆಲ್ಲ ಬಾಸುಂಡೆ, ಬಾಸುಂಡೆ ಎದ್ದ ಮೇಲೆ ಇನ್ನೂ ತುರಿಕೆ, ಅದಕ್ಕೆ ಇನ್ನೂ ಕೆರೆತ. ಏಳೆಂಟು ತಿಂಗಳಿಂದ ಹೀಗೇ ಇತ್ತಂತೆ. ಎಲ್ಲೋ ಒಂದು ಕಡೆ ಅಲರ್ಜಿ ಟೆಸ್ಟ್ ಮಾಡಿಸಿದ್ರು, ಕೈ ಮೇಲೆ ಸಾಲಾಗಿ ಹನಿ ಹಾಕಿ ಸೂಜಿಯಲ್ಲಿ ಚುಚ್ಚಿ ನೋಡ್ತಾರಲ್ಲ ಅದು. ಚುಚ್ಚಿದ ಹೆಚ್ಚು ಕಡಿಮೆ ಎಲ್ಲ ಜಾಗದಲ್ಲೂ ಗುಳ್ಳೆ ಎದ್ದಿತ್ತು. ಹಾಲು, ಮೊಟ್ಟೆ, ಗೋಧಿ, ಕಡಲೇಕಾಯಿ ಎಲ್ಲ ಪಾಸಿಟಿವ್ ಅಂತ ರಿಪೋರ್ಟ್ ಬಂತು, ಅವರು ಒಂದೊಂದಾಗಿ ಎಲ್ಲ ಬಿಟ್ರು, ತೂಕ 5 ಕೆಜಿ ಇಳೀತು, ಗೆರೆ ಏಳೋದು ಮಾತ್ರ ಒಂದು ಚೂರೂ ಕಡಿಮೆ ಆಗ್ಲಿಲ್ಲ.

ನಾನು ಆ ರಿಪೋರ್ಟಲ್ಲಿ ಹಾಲು ಮೊಟ್ಟೆ ಸಾಲು ನೋಡೋಕ್ಕೆ ಮುಂಚೆ ಸಲೈನ್ ಸಾಲು ಹುಡುಕಿದೆ. ಈ ಟೆಸ್ಟಲ್ಲಿ ಬರೀ ಉಪ್ಪು ನೀರಿನ ಒಂದು ಹನಿ ಹಾಕಿ ಅಲ್ಲೂ ಚುಚ್ಚಿರ್ತಾರೆ, ಅದು ಹೋಲಿಕೆಗೆ ಅಂತ. ಸಲೈನ್‌ಗೆ ಯಾರಿಗೂ ಅಲರ್ಜಿ ಇರಲ್ಲ, ಹಾಗಾಗಿ ಅಲ್ಲಿ ಏನೂ ಏಳಬಾರದು. ಇವರಿಗೆ ಅಲ್ಲೂ ಗುಳ್ಳೆ ಎದ್ದಿತ್ತು, ಅದೂ ಪಕ್ಕದ ಹಾಲಿನ ಗುಳ್ಳೆಯಷ್ಟೇ ದೊಡ್ಡದು. ಅಂದ್ರೆ ಚರ್ಮ ಎದ್ದಿದ್ದು ಹಾಲಿಗೂ ಅಲ್ಲ ಮೊಟ್ಟೆಗೂ ಅಲ್ಲ, ಸೂಜಿ ತಾಗಿದ್ದಕ್ಕೆ. ಸಲೈನ್ ಜಾಗ ಉಬ್ಬಿದ ಟೆಸ್ಟನ್ನ ಪಾಸಿಟಿವ್ ಅಂತ ಓದೋ ಹಾಗೇ ಇಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟು ಜನ ಊಟ ಬಿಟ್ಟು ಸೊರಗಿದಾರೋ ಅಂತ ನನಗೆ ಆಗಾಗ ಸಿಟ್ಟು ಬರುತ್ತೆ.

ಚರ್ಮದೊಳಗೆ ನಡೆಯೋದು ಇಷ್ಟು. ನಮ್ಮೆಲ್ಲರ ಚರ್ಮದಲ್ಲೂ ಮಾಸ್ಟ್ ಸೆಲ್ ಅನ್ನೋ ಜೀವಕೋಶಗಳಿವೆ, ಅದರೊಳಗೆ ಹಿಸ್ಟಮಿನ್ ತುಂಬಿರುತ್ತೆ. ಅದು ಹೊರಗೆ ಬಂದ್ರೆ ಸಣ್ಣ ರಕ್ತನಾಳಗಳು ಅಗಲ ಆಗಿ ಕೆಂಪಾಗುತ್ತೆ, ನಾಳದಿಂದ ನೀರಿನಂಶ ಸೋರಿ ಚರ್ಮ ಉಬ್ಬುತ್ತೆ, ನರಗಳಿಗೆ ತಾಗಿ ತುರಿಕೆ ಆಗುತ್ತೆ. ಗಟ್ಟಿಯಾಗಿ ಗೀರಿದ್ರೆ ಯಾರ ಚರ್ಮ ಆದ್ರೂ ಸ್ವಲ್ಪ ಹೀಗೆ ಮಾಡುತ್ತೆ, ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ 1920ರ ದಶಕದಲ್ಲೇ ಇದನ್ನ ಮೂರು ಹಂತವಾಗಿ ವಿವರಿಸಿದ್ರು: ಮೊದಲು ಗೀರಿದ ಕಡೆ ಕೆಂಪು ಗೆರೆ, ಆಮೇಲೆ ಅಕ್ಕಪಕ್ಕಕ್ಕೂ ಹರಡೋ ಕೆಂಪು, ಕೊನೆಗೆ ಉಬ್ಬು. ಡರ್ಮಟೋಗ್ರಾಫಿಸಂ ಇರೋರಿಗೆ ಮೂರನೇ ಹಂತಕ್ಕೆ ಹೋಗೋಕ್ಕೆ ಗಟ್ಟಿ ಗೀರು ಬೇಕಿಲ್ಲ, ಟವೆಲ್ ಉಜ್ಜಿದ್ರೂ ಸಾಕು. ನೂರರಲ್ಲಿ 2ರಿಂದ 5 ಜನರ ಚರ್ಮ ಹೀಗಿರುತ್ತೆ ಅಂತ ಅಂದಾಜು, ಆದ್ರೆ ಅವರಲ್ಲಿ ತುಂಬಾ ಜನಕ್ಕೆ ಗೆರೆ ಏಳುತ್ತೆ ಅಷ್ಟೇ, ತುರಿಕೆ ಇರಲ್ಲ. ತುರಿಕೆ ಇಲ್ಲ ಅಂದ್ರೆ ಚಿಕಿತ್ಸೆನೂ ಬೇಡ.

ಇನ್ನು ಮಾಮೂಲಿ ಗಂಧೆ, ಅಂದ್ರೆ ಜನ ಪಿತ್ತದ ಗಂಧೆ ಅಂತ ಕರೆಯೋದು. ಅದರಲ್ಲೂ ಹಿಸ್ಟಮಿನ್ನೇ ಕೆಲಸ ಮಾಡೋದು, ಅದಕ್ಕೇ ಗೊಂದಲ. ಆದ್ರೆ ಅಲ್ಲಿ ಯಾರೂ ಮುಟ್ಟದೆ ಕೆರೆಯದೆ ತಾನಾಗೇ ಏಳುತ್ತೆ, ಆಕಾರಕ್ಕೆ ಲೆಕ್ಕ ಇಲ್ಲ, ದುಂಡಗೆ, ಅಂಕುಡೊಂಕಾಗಿ, ಎರಡು ಮೂರು ಸೇರಿ ದೊಡ್ಡ ಪಟ್ಟೆಯಾಗಿ. ತೊಡೆಯಲ್ಲಿ ಎದ್ದಿದ್ದು ಇಳಿಯೋಷ್ಟರಲ್ಲಿ ಬೆನ್ನಲ್ಲಿ ಹೊಸದು ಬಂದಿರುತ್ತೆ. ಒಂದೊಂದು ಗಂಧೆ ಕೆಲವು ಗಂಟೆ ಇರುತ್ತೆ, 24 ಗಂಟೆ ಒಳಗೆ ಕಲೆ ಉಳಿಯದೆ ಇಳಿಯುತ್ತೆ. ತುಟಿ, ಕಣ್ಣಿನ ರೆಪ್ಪೆ ಊದ್ಕೊಳ್ಳೋದೂ ಉಂಟು. ಡರ್ಮಟೋಗ್ರಾಫಿಸಂ ಗೆರೆ ಏನಿದ್ರೂ ಅರ್ಧ ಗಂಟೆ, ಹೆಚ್ಚಂದ್ರೆ ಒಂದು ಗಂಟೆ ಆಸುಪಾಸು, ಅದೂ ಉಜ್ಜಿದ ಜಾಗ ಬಿಟ್ಟು ಬೇರೆ ಕಡೆ ಹೋಗಲ್ಲ, ತುಟಿ ರೆಪ್ಪೆ ಊತ ಇದರ ಲಕ್ಷಣ ಅಲ್ಲ.

ಹಾಗಾಗಿ ಅವರಿಗೆ ನಾನು ಕೇಳಿದ್ದು ಎರಡೇ ಪ್ರಶ್ನೆ. ಕೆರೆಯದ ಜಾಗದಲ್ಲಿ, ಅಂದ್ರೆ ಕೈ ಎಟುಕದ ಬೆನ್ನಿನ ನಡುವೆ, ಬಟ್ಟೆ ಬಿಗಿ ಇಲ್ಲದ ಕಡೆ, ಯಾವತ್ತಾದ್ರೂ ಎದ್ದಿದೆಯಾ? ಒಂದು ಗೆರೆ ಎದ್ದಿದ್ದು ಇಳಿಯೋಕ್ಕೆ ಎಷ್ಟು ಹೊತ್ತು? ಎರಡನೆಯದಕ್ಕೆ ತುಂಬಾ ಜನ "ದಿನವಿಡೀ ಇರುತ್ತೆ" ಅಂತಾರೆ, ಯಾಕಂದ್ರೆ ಒಂದು ಇಳಿದ್ರೂ ಕೆರೀತಾ ಇರೋದ್ರಿಂದ ಇನ್ನೊಂದು ಇರುತ್ತೆ. ಅದಕ್ಕೇ ಒಂದೇ ಒಂದು ಗೆರೆ ಆರಿಸ್ಕೊಂಡು ಟೈಮ್ ನೋಡಿ, ಹತ್ತು ನಿಮಿಷಕ್ಕೊಂದು ಫೋಟೋ ತೆಗೀರಿ ಅಂತ ಹೇಳೋದು. (ಗಂಧೆ ಸುತ್ತ ಬಾಲ್ ಪೆನ್ನಲ್ಲಿ ಗುರುತು ಹಾಕೋ ಹಳೇ ಉಪಾಯ ಇಲ್ಲಿ ನಡೆಯಲ್ಲ, ಪೆನ್ನಿನ ಗುರುತೇ ಹೊಸ ಬಾಸುಂಡೆ ಆಗುತ್ತೆ.)

ಪಕ್ಕಾ ಮಾಡ್ಕೊಳ್ಳೋಕ್ಕೆ ಚರ್ಮದ ಮೇಲೆ ಗೀಚಿ ನೋಡಲೇಬೇಕು. ಅವತ್ತು ಅವರು ಬೆಳಿಗ್ಗೆ ಸೆಟ್ರಿಜಿನ್ ಅನ್ನೋ ಆಂಟಿಹಿಸ್ಟಮಿನ್, ಅಂದ್ರೆ ಹಿಸ್ಟಮಿನ್ ಕೆಲಸ ತಡೆಯೋ ಮಾತ್ರೆ ನುಂಗಿ ಬಂದಿದ್ರು, ಆ ಮಾತ್ರೆ ಮೈಯಲ್ಲಿ ಇರುವಾಗ ಗೆರೆ ಏಳದೇ ಹೋಗಬಹುದು, ಹಾಗಾಗಿ ಮಾತ್ರೆ ನಿಲ್ಲಿಸಿ 3 ದಿನ ಬಿಟ್ಟು ಬನ್ನಿ ಅಂದೆ. ಇಷ್ಟೇ ಒತ್ತಡ ಹಾಕೋ ಸ್ಪ್ರಿಂಗ್ ಉಪಕರಣ ಸಿಗುತ್ತೆ, ಇಲ್ದಿದ್ರೆ ಬಾಲ್ ಪೆನ್ನಿನ ರೀಫಿಲ್ ಒಳಗೆ ಎಳ್ಕೊಂಡು ಅದರ ಮೊಂಡು ತುದಿಯಲ್ಲಿ ಗೀಚಿದ್ರೆ ಸಾಕು. ಮುಂಗೈ ಒಳಭಾಗದಲ್ಲೋ ಬೆನ್ನಿನ ಮೇಲ್ಭಾಗದಲ್ಲೋ ಹದವಾಗಿ ಒತ್ತಿ ಗೆರೆ ಎಳೆಯೋದು, ಚರ್ಮ ತರಚಬಾರದು. ಅವರಿಗೆ ಒಂದೆರಡು ನಿಮಿಷದಲ್ಲಿ ಗೆರೆ ಕೆಂಪಾಯ್ತು, ಐದು ನಿಮಿಷಕ್ಕೆ ಉಬ್ಬೋಕ್ಕೆ ಶುರು, ಹತ್ತು ನಿಮಿಷಕ್ಕೆ ನೋಡಿದ್ರೆ ದಾರ ಅಂಟಿಸಿದ ಹಾಗೆ ಎದ್ದು ನಿಂತಿತ್ತು, "ಇದೇ ತುರಿಕೆ ಡಾಕ್ಟ್ರೇ" ಅಂದ್ರು. ಆ ಮಾತು ಮುಖ್ಯ, ಬರೀ ಉಬ್ಬಿದ್ರೆ ಸಾಲದು, ತುರಿಕೆನೂ ಇದ್ರೇ ಚಿಕಿತ್ಸೆ ಬೇಕಾದ ಡರ್ಮಟೋಗ್ರಾಫಿಸಂ. ಹೊರಗೆ ಕೂತಿರಿ ಅಂತ ಕಳಿಸಿ ಮುಕ್ಕಾಲು ಗಂಟೆ ಆದ್ಮೇಲೆ ನೋಡಿದೆ, ಗೆರೆ ಎಲ್ಲಿತ್ತು ಅಂತಲೇ ಗೊತ್ತಾಗ್ಲಿಲ್ಲ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣದೇ ಇರಬಹುದು, ಅವರಿಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಬೇಕು, ಬೆರಳಾಡಿಸಿದ್ರೆ ಉಬ್ಬು ಕೈಗೆ ಸಿಗುತ್ತೆ.

ಒಂದು ಎಚ್ಚರ ಏನಂದ್ರೆ, ಮಾಮೂಲಿ ಗಂಧೆ ಇರೋರಲ್ಲೂ ಕೆಲವರಿಗೆ ಗೀಚಿದ್ರೆ ಗೆರೆ ಏಳುತ್ತೆ, ಎರಡೂ ಒಟ್ಟಿಗೆ ಇರಬಹುದು. ಅದಕ್ಕೇ ಪೆನ್ನಿನ ಟೆಸ್ಟ್ ಪಾಸಿಟಿವ್ ಆದ್ರೂ ಮುಟ್ಟದೆ ಏಳುತ್ತಾ ಅನ್ನೋ ಪ್ರಶ್ನೆ ಬಿಡೋ ಹಾಗಿಲ್ಲ. ಒತ್ತಡ ಬಿದ್ದು 4ರಿಂದ 6 ಗಂಟೆ ಆದ್ಮೇಲೆ ಆಳವಾಗಿ ನೋವಿನಿಂದ ಊದ್ಕೊಂಡ್ರೆ ಅದು ಬೇರೆ ಥರದ್ದು. ಒಂದೇ ಗಂಧೆ 24 ಗಂಟೆ ಮೀರಿ ಅಲ್ಲೇ ಇದ್ದು, ಉರಿ ಇದ್ದು, ಇಳಿದ ಮೇಲೆ ಕಂದಿದ ಕಲೆ ಉಳಿಸಿದ್ರೆ ರಕ್ತನಾಳದ ಉರಿಯೂತ ಇರಬಹುದು, ಆಗ ಬಯಾಪ್ಸಿ ಬೇಕಾಗುತ್ತೆ. ಗಂಧೆ ಜೊತೆ ಉಸಿರಾಟ ಕಷ್ಟ, ನಾಲಿಗೆ ಊತ, ತಲೆ ಸುತ್ತು ಬಂತು ಅಂದ್ರೆ ಇದ್ಯಾವ ವಿಚಾರನೂ ಮಾಡದೆ ಎಮರ್ಜೆನ್ಸಿಗೆ ಓಡಿ.

ಅವರಿಗೆ ಮತ್ಯಾವ ರಕ್ತ ಪರೀಕ್ಷೆನೂ ಬರೀಲಿಲ್ಲ, ಅವರ ಕಥೆಯಲ್ಲಿ ಅದಕ್ಕೆ ಕಾರಣ ಇರ್ಲಿಲ್ಲ. ಆದ್ರೆ ಬೆರಳ ಸಂದು, ಮಣಿಕಟ್ಟು ಚೆನ್ನಾಗಿ ನೋಡಿದೆ, ಕಜ್ಜಿ ಹುಳದ ನಂತರ ಈ ತೊಂದರೆ ಶುರು ಆಗೋದುಂಟು, ಹೊಸ ಔಷಧಿ ಏನಾದ್ರೂ ತಗೊಂಡ್ರಾ ಅಂತನೂ ಕೇಳಿದೆ. ಎರಡೂ ಇರ್ಲಿಲ್ಲ, ಹೆಚ್ಚಿನವರಲ್ಲಿ ಕಾರಣ ಸಿಗೋದೂ ಇಲ್ಲ. ಬಿಟ್ಟಿದ್ದ ಆಹಾರ ಒಂದೊಂದಾಗಿ ವಾಪಸ್ ಶುರು ಮಾಡಿಸಿದೆ, ತಿಂದಾಗ ಏನೂ ಆಗ್ತಿರ್ಲಿಲ್ಲ, ಬರೀ ರಿಪೋರ್ಟ್ ನೋಡಿ ಬಿಟ್ಟಿದ್ದು ಅಂತ ಖಾತ್ರಿ ಮಾಡ್ಕೊಂಡೇ.

ಮಾತ್ರೆ ಅಂದ್ರೆ ಅದೇ ಆಂಟಿಹಿಸ್ಟಮಿನ್, ಹೊಸ ತಲೆಮಾರಿನವು: ಲೆವೊಸೆಟ್ರಿಜಿನ್, ಫೆಕ್ಸೋಫೆನಡಿನ್, ಬಿಲಾಸ್ಟಿನ್ ಥರದ್ದು. ಎಲ್ಲರೂ ಎಡವೋದು ಇಲ್ಲೇ, ತುರಿಕೆ ಬಂದಾಗ ಒಂದು ನುಂಗಿ ಮರುದಿನ ಬಿಡೋದು. ಹಿಸ್ಟಮಿನ್ ಹೊರಗೆ ಬರೋಕ್ಕೆ ಮುಂಚೆ ಮಾತ್ರೆ ಮೈಯಲ್ಲಿ ಇರಬೇಕು, ಹಾಗಾಗಿ ದಿನಾ ತಗೋಬೇಕು, 2ರಿಂದ 4 ವಾರ. ಅಷ್ಟಕ್ಕೂ ಹಿಡಿತಕ್ಕೆ ಬರದಿದ್ರೆ ಡೋಸನ್ನ ನಾಲ್ಕು ಪಟ್ಟುವರೆಗೂ ಏರಿಸಬಹುದು, ಆದ್ರೆ ಡಾಕ್ಟರ್ ಹೇಳಿದ್ರೆ ಮಾತ್ರ, ನೀವೇ ಲೆಕ್ಕ ಹಾಕ್ಕೊಂಡು ಅಲ್ಲ. ಅದಕ್ಕೂ ಬಗ್ಗದ ಕೆಲವರಿಗೆ ಓಮಾಲಿಜುಮ್ಯಾಬ್ ಇಂಜೆಕ್ಷನ್ ಇದೆ. ಸ್ಟಿರಾಯ್ಡ್ ಕ್ರೀಮ್ ಹಚ್ಕೊಳ್ಳೋದ್ರಿಂದ ಇದಕ್ಕೆ ಪ್ರಯೋಜನ ಇಲ್ಲ, ಸ್ಟಿರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ನುಂಗೋದು ಸೈಡ್ ಎಫೆಕ್ಟನ್ನ ಕರೆದು ಕೂರಿಸ್ಕೊಂಡ ಹಾಗೆ. ಜೊತೆಗೆ ತೀರಾ ಬಿಸಿ ನೀರು ಬೇಡ, ಟವೆಲಲ್ಲಿ ಉಜ್ಜದೆ ಒತ್ತಿ ಒರೆಸ್ಕೊಳ್ಳಿ, ಒಣ ಚರ್ಮ ತುರಿಕೆ ಜಾಸ್ತಿ ಮಾಡುತ್ತೆ ಅದಕ್ಕೆ ಮಾಯಿಶ್ಚರೈಸರ್ ಹಚ್ಚಿ ಅಂದೆ.

ಮೂರು ವಾರ ಆದ್ಮೇಲೆ ಬಂದವರ ಮುಖ ಸಪ್ಪಗಿತ್ತು. "ಮಾತ್ರೆ ಕೆಲಸ ಮಾಡ್ತಿಲ್ಲ ಡಾಕ್ಟ್ರೇ, ನೋಡಿ" ಅಂತ ನನ್ನೆದುರಲ್ಲೇ ಕೈ ಗೀಚಿ ತೋರಿಸಿದ್ರು, ತೆಳ್ಳಗೆ ಒಂದು ಗೆರೆ ಎದ್ದಿತು. ತುರಿಕೆ ಎಷ್ಟಿದೆ ಅಂತ ಕೇಳಿದೆ. ಒಂದು ಕ್ಷಣ ಯೋಚನೆ ಮಾಡಿ, ತುರಿಕೆ ಇಲ್ಲ, ರಾತ್ರಿ ನಿದ್ದೆ ಬರ್ತಿದೆ, ಗೆರೆ ಬರುತ್ತಾ ಅಂತ ದಿನಾ ಗೀಚಿ ನೋಡ್ತಿದೀನಿ ಅಷ್ಟೇ ಅಂದ್ರು. ನಾವು ಅಳೆಯೋದು ತುರಿಕೆನ, ಗೆರೆನ ಅಲ್ಲ, ಮಾತ್ರೆ ಸರಿಯಾಗೇ ಕೆಲಸ ಮಾಡ್ತಿದ್ರೂ ಸಣ್ಣ ಗೆರೆ ಏಳಬಹುದು, ಅದನ್ನ ಅಳಿಸ್ತೀನಿ ಅಂತ ಡೋಸ್ ಏರಿಸೋದು ಸುಮ್ನೆ ನಿದ್ದೆಗಣ್ಣು ತರಿಸೋದು. ಅದೇ ಡೋಸ್ ಮುಂದುವರಿಸಿದ್ವಿ, ಗೀಚಿ ನೋಡೋ ಅಭ್ಯಾಸ ಬಿಡಿಸಿದೆ. ಕೆಲವು ತಿಂಗಳು ಆದ್ಮೇಲೆ ದಿನ ಬಿಟ್ಟು ದಿನ ಮಾಡಿ ನೋಡಿದ್ವಿ, ವಾರದಲ್ಲೇ ಸೊಂಟದಲ್ಲಿ ತುರಿಕೆ ವಾಪಸ್ ಬಂತು, ಮತ್ತೆ ದಿನಕ್ಕೊಂದಕ್ಕೆ ಹೋದ್ವಿ. ಇದು ವರ್ಷಗಟ್ಟಲೆ ಇದ್ದು ತಾನಾಗೇ ಕಡಿಮೆ ಆಗೋ ತೊಂದರೆ, ಹಾಗಾಗಿ ಮೂರ್ನಾಲ್ಕು ತಿಂಗಳಿಗೊಮ್ಮೆ ಮಾತ್ರೆ ಇಳಿಸಿ ನೋಡೋದು ಈಗಲೂ ನಡೀತಿದೆ. ಹಾಲು, ಮೊಟ್ಟೆ, ಗೋಧಿ, ಕಡಲೇಕಾಯಿ ಎಲ್ಲ ತಿಂತಿದಾರೆ.