ಬರಗಾಲದ ಗೌಡನ ಅರ್ಜಿಯಲ್ಲಿ ಮೊದಲು ಆಣೆ ಹುಡುಕಿ

ಹಳೆಯ ಕಂದಾಯ ದಫ್ತರಗಳಲ್ಲಿ ಬರಗಾಲದ ಅರ್ಜಿ ಕೈಗೆ ಸಿಕ್ಕಾಗ ಹೆಚ್ಚಿನ ವಿದ್ಯಾರ್ಥಿಗಳು ಕಣ್ಣೀರಿನ ಸಾಲುಗಳನ್ನು ಗುರುತು ಹಾಕಿಕೊಳ್ಳುತ್ತಾರೆ. 'ಮಾಯಬಾಪ ಸರಕಾರದ ಹೊರತು ನಮಗೆ ಗತಿಯಿಲ್ಲ', 'ಮಕ್ಕಳುಮರಿ ಉಪವಾಸ ಬಿದ್ದಿವೆ' ಎಂಬಂಥವು. ಆ ಸಾಲುಗಳು ಸುಳ್ಳಲ್ಲ. ಆದರೆ ಊರಿನ ಲೆಕ್ಕಪತ್ರ ಬರೆಯುವ ಕುಲಕರ್ಣಿಯ ಕೈಗೆ ಅವು ಬಾಯಿಪಾಠವಾಗಿದ್ದವು, ಮಳೆ ಸ್ವಲ್ಪ ಕೈಕೊಟ್ಟ ವರ್ಷವೂ ಅವೇ ಸಾಲುಗಳು ಬರುತ್ತಿದ್ದವು. ಸಾಹೇಬರು ಅದನ್ನು ಬಲ್ಲವರಾಗಿದ್ದರು. ಅರ್ಜಿಯ ಹಣೆಬರಹ ನಿರ್ಧಾರವಾಗುತ್ತಿದ್ದುದು ಎರಡು ಕಡೆ: ಪೂರ್ಣ ಬೆಳೆಯ ಹದಿನಾರು ಆಣೆಯಲ್ಲಿ ಎಷ್ಟು ಆಣೆ ಬಂತು ಎಂದು ಹೇಳಿದ ಜಾಗದಲ್ಲಿ ಮತ್ತು ಏನು ಬೇಕೆಂದು ಕೇಳಿದ ಜಾಗದಲ್ಲಿ.

ನಾನಿಲ್ಲಿ ಆರಿಸಿಕೊಂಡಿರುವುದು 1876ರ ಬರ, ಧಾತು ಸಂವತ್ಸರದ್ದು. ಜಾಗ ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆಯ ಸೀಮೆ. ಅಲ್ಲಿ ಕರಿ ಎರೆಭೂಮಿ ಹೆಚ್ಚು. ಮುಂಗಾರಿಗಿಂತ ಹಿಂಗಾರಿ ಮಳೆಯ ಮೇಲೇ ಊರಿನ ಬದುಕು ನಿಂತಿರುತ್ತಿತ್ತು. ಆ ವರ್ಷ ಮುಂಗಾರಿ ಹುಸಿಹೋಯಿತು, ಸೆಪ್ಟೆಂಬರ್–ಅಕ್ಟೋಬರಿನ ಹಿಂಗಾರಿಯೂ ಬರಲಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರಗಳಿಗೆ ಆಗ ರೈಲಿರಲಿಲ್ಲ. ಕಾಳು ಬರಬೇಕೆಂದರೆ ಎತ್ತಿನ ಗಾಡಿಯಲ್ಲೇ ಬರಬೇಕು, ದಾರಿಯಲ್ಲಿ ಎತ್ತಿಗೆ ಮೇವಿಲ್ಲ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ಇಳಿಯಿತು.

ಅರ್ಜಿ ಬರೆಸುವ ಗೌಡನ ಸ್ಥಿತಿ ವಿಚಿತ್ರವಾದುದು. ಆಕಾರವೆಂಬ ಭೂತೆರಿಗೆ ಬಿಡಿ ಎಂದು ಊರಿನ ಪರವಾಗಿ ಕೇಳುವವನು ಅವನೇ, ಅದೇ ತೆರಿಗೆಯನ್ನು ಊರಿನಿಂದ ವಸೂಲಿ ಮಾಡಿ ಕಚೇರಿಗೆ ಕಟ್ಟಬೇಕಾದವನೂ ಅವನೇ. ಅವನ ಗೌಡಿಕೆ ವತನದ್ದು, ವಂಶಪಾರಂಪರ್ಯವಾಗಿ ಬಂದದ್ದು. ಆದರೂ ಕೆಲಸದಲ್ಲಿ ಲೋಪ ಕಂಡರೆ ಸರಕಾರ ಅವನನ್ನು ಅಧಿಕಾರದಿಂದ ಇಳಿಸಬಹುದಿತ್ತು. ಹಾಗಾಗಿ ಅವನು 'ಕೊಡುವುದಿಲ್ಲ' ಎಂದು ಎಲ್ಲಿಯೂ ಬರೆಸುವುದಿಲ್ಲ. 'ಕೊಡಲು ರಯತರ ಹತ್ತಿರ ಇಲ್ಲ, ಹುಜೂರಿನಿಂದ ಚೌಕಶಿ ಆಗಬೇಕು' ಎನ್ನುತ್ತಾನೆ. ಸಾಲು ಬಾಗಿದಂತೆ ಕಂಡರೂ ಅದರಲ್ಲಿ ಜಾಣ್ಮೆಯಿದೆ: ಬಂದು ನೋಡಿ ಎಂದಮೇಲೆ ಬಂದು ನೋಡದಿದ್ದ ತಪ್ಪು ಕಚೇರಿಯದಾಗುತ್ತದೆ.

ಈಗ ಒಂದು ಮಾದರಿಯನ್ನು ಬಿಡಿಸಿ ನೋಡೋಣ. ಇದು ಯಾವುದೇ ಒಂದು ಊರಿನ ಕಾಗದವಲ್ಲ. ಲೆಕ್ಕ ತಿಳಿಯಲೆಂದು ಅಂಥ ಅರ್ಜಿಗಳ ಚೌಕಟ್ಟಿನಲ್ಲಿ ನಾನು ಕಟ್ಟಿಕೊಂಡದ್ದು, ಅಂಕಿಗಳೂ ನನ್ನವೇ.

'ಮೆಹರಬಾನ ಕಲೆಕ್ಟರ ಸಾಹೇಬ ಬಹಾದ್ದೂರ ಇವರ ಹುಜೂರಿಗೆ, ತಾಬೇದಾರ ಪಾಟೀಲ ಹಾಗೂ ಸಮಸ್ತ ರಯತರು ಮಾಡಿಕೊಳ್ಳುವ ಅರ್ಜಿ ಏನಂದರೆ: ನಮ್ಮ ಊರಿನ ಸಾಗುವಳಿ ಜಮೀನು 3,200 ಎಕರೆ, ಆಕಾರ 2,400 ರೂಪಾಯಿ. ಮುಂಗಾರಿ 1,000 ಎಕರೆ ಬಿತ್ತಿದ್ದು, ಸಜ್ಜೆ ತೆನೆ ಕಟ್ಟದೆ ಒಣಗಿ ಎರಡು ಆಣೆ ಪೀಕು ಬಂದಿದೆ. ಹಿಂಗಾರಿ 2,200 ಎಕರೆಯ ಪೈಕಿ 600 ಎಕರೆ ಮಾತ್ರ ಬಿತ್ತಿದ್ದು, ಜೋಳ ಮೊಳಕಾಲಿನಷ್ಟು ಬೆಳೆದು ಸುರುಟಿದೆ, ಒಂದು ಆಣೆಯೂ ಕಷ್ಟ. ಉಳಿದ ಜಮೀನು ಬಿತ್ತಲಿಲ್ಲ. ಮೇವಿಲ್ಲದೆ ದನಗಳು ಸಾಯುತ್ತಿವೆ. ಕೆಲವು ರಯತರು ಮನೆಗೆ ಕೀಲಿ ಹಾಕಿ ಮೊಗಲಾಯಿ ಕಡೆ ಹೋಗಿದ್ದಾರೆ. ಉಳಿದವರು ಜಮೀನಿನ ರಾಜೀನಾಮೆ ಕೊಡುವ ಮಾತನಾಡುತ್ತಿದ್ದಾರೆ. ಸಾಲಿನ ಸಾರಾ ಮಾಫಿ ಆಗಬೇಕು.' ಕೆಳಗೆ ಓದುಬಾರದ ರಯತರ ಹೆಸರಿನ ಮುಂದೆ ನೇಗಿಲ ನಿಶಾನಿ. ಜತೆಗೆ ಸ್ಟಾಂಪು. ಮೊಗಲಾಯಿ ಎಂದರೆ ನಿಜಾಮನ ಸೀಮೆ.

ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಮಾಮಲೇದಾರ ಈ ಕಾಗದ ಹಿಡಿದು ಮೊದಲು ಮಾಡುತ್ತಿದ್ದುದು ಆಣೆವಾರಿ. ಹದಿನಾರು ಆಣೆಯನ್ನು ಪೂರ್ಣ ಬೆಳೆ ಎಂದಿಟ್ಟುಕೊಂಡು, ಬಂದ ಬೆಳೆ ಅದರಲ್ಲಿ ಎಷ್ಟು ಪಾಲು ಎಂದು ಕಣ್ಣಳತೆಯಿಂದ ಅಂದಾಜು ಮಾಡುವುದು. ನಮ್ಮ ಮಾದರಿ ಊರಿನಲ್ಲಿ 1,000 ಎಕರೆಗೆ ಎರಡು ಆಣೆ, 600 ಎಕರೆಗೆ ಒಂದು ಆಣೆ, ಒಟ್ಟು 2,600. ಇದನ್ನು ಇಡೀ 3,200 ಎಕರೆಗೆ ಹಂಚಿದರೆ ಊರಿನ ಆಣೆವಾರಿ ಒಂದು ಆಣೆಗೂ ಕಡಿಮೆ. ಬಿತ್ತಿದ 1,600 ಎಕರೆಗೆ ಮಾತ್ರ ಹಂಚಿದರೆ ಒಂದು ಆಣೆ ಏಳೂವರೆ ಪೈ ಆಗುತ್ತದೆ. ಬೆಳೆ ಅದೇ, ಹೊಲ ಅದೇ, ಆದರೆ ಅಂಕಿ ಎರಡರಷ್ಟಾಯಿತು. ಇಷ್ಟು ಘೋರ ವರ್ಷದಲ್ಲಿ ಈ ವ್ಯತ್ಯಾಸದಿಂದ ತೀರ್ಪೇನೂ ಬದಲಾಗದು. ಬೆಳೆ ನಾಲ್ಕೈದು ಆಣೆಯ ಆಸುಪಾಸಿನಲ್ಲಿರುವ ನಡುತರದ ವರ್ಷಗಳಲ್ಲಿ ಮಾತ್ರ ಊರಿನ ಹಣೆಬರಹ ಈ ಭಾಗಾಕಾರದ ಮೇಲೇ ನಿಲ್ಲುತ್ತಿತ್ತು. ಬಿತ್ತದೆ ಬಿಟ್ಟ ಹೊಲದ ಮೇಲೂ ಆಕಾರ ಬೀಳುತ್ತಿತ್ತು ಎಂಬುದನ್ನು ಮರೆಯಬಾರದು. ತೆರಿಗೆ ಹಾಕುವಾಗ ಲೆಕ್ಕಕ್ಕೆ ಬರುವ ಜಮೀನು ಬೆಳೆ ಎಣಿಸುವಾಗ ಲೆಕ್ಕದಿಂದ ಜಾರಿಹೋದರೆ ನಷ್ಟ ರೈತನದು.

ಇನ್ನೊಂದು ತಕರಾರು ಹದಿನಾರು ಆಣೆ ಎಂದರೆ ಯಾವ ಬೆಳೆ ಎಂಬುದು. ಹತ್ತು ವರ್ಷಕ್ಕೊಮ್ಮೆ ಬರುವ ಭರ್ಜರಿ ಸುಗ್ಗಿಯೋ, ಸಾಧಾರಣ ವರ್ಷದ ಬೆಳೆಯೋ? ಸುಗ್ಗಿಯನ್ನು ಹದಿನಾರು ಎಂದಿಟ್ಟರೆ ಬರದ ಬೆಳೆ ಇನ್ನೂ ಕಡಿಮೆ ಆಣೆಗೆ ಇಳಿಯುತ್ತದೆ, ಸಾಧಾರಣ ವರ್ಷವನ್ನು ಹದಿನಾರು ಎಂದರೆ ಮೇಲೇರುತ್ತದೆ. ಗೌಡ ಒಂದನ್ನು ಮನಸ್ಸಿನಲ್ಲಿಟ್ಟು ಬರೆಸಿರುತ್ತಾನೆ, ಮಾಮಲೇದಾರ ಇನ್ನೊಂದನ್ನು ಇಟ್ಟುಕೊಂಡು ಓದಿರುತ್ತಾನೆ. ಇಬ್ಬರೂ ಪ್ರಾಮಾಣಿಕರಾಗಿದ್ದರೂ ಅಂಕಿ ಕೂಡುವುದಿಲ್ಲ. ಮುಂದೆ ಮುಂಬಯಿ ಇಲಾಖೆಯಲ್ಲಿ ನಾಲ್ಕು ಆಣೆ ಅಥವಾ ಅದಕ್ಕಿಂತ ಕಡಿಮೆ ಬೆಳೆಯಾದರೆ ಆ ವರ್ಷದ ವಸೂಲಿ ಪೂರ್ತಿ ತಹಕೂಬ್, ಅಂದರೆ ಮುಂದಕ್ಕೆ ಹಾಕುವುದು, ಎಂಬ ನಿಯಮ ಬಂತು. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಗಾಂಧೀಜಿ ಮತ್ತು ಸರಕಾರದ ನಡುವೆ ನಡೆದದ್ದು ಇದೇ ಆಣೆಯ ಜಗಳ. ನಾಲ್ಕಕ್ಕಿಂತ ಹೆಚ್ಚು ಬಂದಿದೆ ಎಂದು ಸರಕಾರ, ಬಂದಿಲ್ಲ ಎಂದು ರೈತರು. 1876ರ ಗೌಡನಿಗೆ ಹಾಗೆ ಬೆರಳಿಟ್ಟು ತೋರಿಸುವ ಗೆರೆಯೂ ಇರಲಿಲ್ಲ. ಮೂವತ್ತು ವರ್ಷಕ್ಕೊಮ್ಮೆ ಗೊತ್ತುಮಾಡಿದ ಆಕಾರ ಹಗುರವಾಗಿದೆ, ಒಳ್ಳೆಯ ವರ್ಷದ ಉಳಿತಾಯದಿಂದ ಕೆಟ್ಟ ವರ್ಷದ್ದನ್ನು ಕಟ್ಟಬೇಕು ಎಂಬುದು ಮುಂಬಯಿ ಪದ್ಧತಿಯ ಮೂಲ ನಂಬಿಕೆ. ರಿಯಾಯಿತಿ ಅಲ್ಲಿ ಹಕ್ಕಲ್ಲ, ಸಾಹೇಬರ ವಿವೇಚನೆ.

ಅರ್ಜಿ ಬಿದ್ದುಹೋಗುತ್ತಿದ್ದ ದಾರಿಗಳೂ ಗೊತ್ತಿರಬೇಕು. ನಮ್ಮ ಮಾದರಿಯ ಕುಲಕರ್ಣಿ ಊರಿನ ಬಾವಿ ತೋಟಗಳನ್ನು, ನಲವತ್ತು ಎಕರೆ ಎನ್ನಿ, ಅರ್ಜಿಯಲ್ಲಿ ಹೇಳಿಯೇ ಇಲ್ಲ. ಅಲ್ಲಿ ಗೋಧಿ ಹಸಿರಾಗಿದೆ. ಕಚೇರಿಯ ಮನುಷ್ಯ ಬಂದಾಗ ಅವನ ಕಣ್ಣಿಗೆ ಮೊದಲು ಬೀಳುವುದೇ ಆ ಹಸಿರು. ಮೂರು ಸಾವಿರ ಎಕರೆ ಒಣಗಿದ್ದು ನಿಜ, ಆದರೆ 'ಅರ್ಜಿದಾರರು ತೋಟದ ಬೆಳೆ ಮರೆಮಾಚಿದ್ದಾರೆ' ಎಂಬ ಒಂದು ಶೆರಾ ಸಾಕು, ಇಡೀ ಕಾಗದದ ಮೇಲಿನ ನಂಬಿಕೆ ಹೋಗುತ್ತದೆ. ಅನುಭವಿ ಕುಲಕರ್ಣಿಯಾದವನು ತೋಟವನ್ನು ತಾನೇ ಬೇರೆ ತೋರಿಸಿ, ಅದರ ಆಕಾರ ಕಟ್ಟಲು ತಯಾರಿದ್ದೇವೆ ಎಂದು ಬರೆಯುವುದೇ ಲೇಸು. ಹಾಗೆ ಬರೆದ ಅರ್ಜಿ ಸಿಕ್ಕರೆ ಅದರ ಉಳಿದ ಅಂಕಿಗಳಿಗೂ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ತಡವೂ ಅಷ್ಟೇ ಅಪಾಯ. ಪೈರು ಹೊಲದಲ್ಲಿ ನಿಂತಿರುವಾಗ ಬಂದು ನೋಡಿದರೆ ಮಾತ್ರ ಆಣೆವಾರಿಗೆ ಅರ್ಥ. ಹಸಿದ ದನ ಹೊಲಕ್ಕೆ ನುಗ್ಗಿದ ಮೇಲೆ ಒಂದು ಆಣೆಯ ಹೊಲವೂ ಐದು ಆಣೆಯ ಹೊಲವೂ ಒಂದೇ ಥರ ಕಾಣುತ್ತವೆ. ಆಗ ಕಚೇರಿಗೆ ಉಳಿಯುವ ಸಾಕ್ಷಿ ತಾಲ್ಲೂಕು ಠಾಣೆಯ ಮಳೆಮಾಪಕ ಒಂದೇ. ಕಸಬೆಯ ಮೇಲೆ ಸುರಿದ ಒಂದು ಸುತ್ತು ಮಳೆ ಹತ್ತು ಮೈಲಿ ಆಚೆಯ ಊರಿಗೆ ಬಿದ್ದಿರಬೇಕೆಂದೇನೂ ಇಲ್ಲ. 'ಈ ತಾಲ್ಲೂಕಿಗೆ ಮಳೆ ಆಗಿದೆ' ಎಂಬ ಮೇಲಿನವರ ಟಿಪ್ಪಣಿಯನ್ನು ಕಂಡಾಗ ಈ ದೂರವನ್ನು ನಕ್ಷೆಯಲ್ಲಿ ಅಳೆದು ನೋಡುವುದು ಒಳ್ಳೆಯದು.

ಇನ್ನು ಕೇಳಿದ್ದೇನು ಎಂಬ ವಿಚಾರ. ಗೌಡ ಕೇಳಿದ್ದು ಮಾಫಿ, ಅಂದರೆ ಈ ವರ್ಷದ ತೆರಿಗೆ ಪೂರ್ತಿ ಬಿಡುವುದು. ಕಚೇರಿ ಕೊಡಲು ಒಲವು ತೋರಿಸುತ್ತಿದ್ದುದು ತಹಕೂಬ್, ಅಂದರೆ ಮುಂದಕ್ಕೆ ಹಾಕುವುದು. ಕಾಗದದ ಮೇಲೆ ಎರಡರಲ್ಲೂ ಈ ವರ್ಷ ಕಟ್ಟಬೇಕಾಗಿಲ್ಲ. ಮುಂದಿನ ವರ್ಷ ಮಾತ್ರ ಲೆಕ್ಕ ಬೇರೆಯಾಗುತ್ತದೆ. ನಮ್ಮ ಊರಿಗೆ ತಹಕೂಬ್ ಸಿಕ್ಕಿತೆನ್ನಿ. 1877ರಲ್ಲಿ ಮಳೆ ಚೆನ್ನಾಗಿಯೇ ಆಯಿತೆಂದು ಹಿಡಿದರೂ ಊರಿನ ಮೇಲೆ ಹಳೆಯ 2,400, ಹೊಸ 2,400, ಒಟ್ಟು 4,800 ರೂಪಾಯಿ. ಅದನ್ನು ದುಡಿಯಲು ಎತ್ತುಗಳು ಅರ್ಧವೂ ಉಳಿದಿಲ್ಲ, ಬೀಜದ ಜೋಳ ತಿಂದು ಮುಗಿದಿದೆ, ಜನ ಊರು ಬಿಟ್ಟಿದ್ದಾರೆ. ಸಾಹುಕಾರನ ಬಾಗಿಲಿಗೆ ಹೋಗುವುದು ಬರದ ವರ್ಷದಲ್ಲಲ್ಲ, ಬರ ಮುಗಿದ ಮೇಲಿನ ವರ್ಷದಲ್ಲಿ. ಹೀಗಾಗಿ ದನಗಳ ಸಾವನ್ನು ಅರ್ಜಿಯಲ್ಲಿ ಬರೆಯುವುದು ಕರುಣೆ ಹುಟ್ಟಿಸಲಿಕ್ಕಷ್ಟೇ ಅಲ್ಲ. ಮುಂದಿನ ವರ್ಷವೂ ಕಟ್ಟಲಾಗದು ಎಂಬುದಕ್ಕೆ ಅದೇ ಬಲವಾದ ಪುರಾವೆ. ನನ್ನ ಮಟ್ಟಿಗೆ ಇಂಥ ಅರ್ಜಿಯ ಅತಿ ಗಟ್ಟಿಯಾದ ವಾದ ಅದು, ಮತ್ತು ಬರೆದವರು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತಾರೆ.

ರಾಜೀನಾಮೆಯ ಸಾಲಿನಲ್ಲಿ ಬೆದರಿಕೆ ಅಡಗಿದೆ. ಮುಂಬಯಿ ಪದ್ಧತಿಯಲ್ಲಿ ರೈತ ತನ್ನ ಸರ್ವೆ ನಂಬರನ್ನು ಬರಹದಲ್ಲಿ ಬಿಟ್ಟುಕೊಟ್ಟರೆ ಅದರ ಆಕಾರದಿಂದ ಮುಕ್ತನಾಗುತ್ತಿದ್ದ. ಹಾಗೆ ಬಿಟ್ಟ ಜಮೀನು ಪಡ ಬಿದ್ದರೆ ಸರಕಾರಕ್ಕೆ ಆಗುವ ನಷ್ಟ ಒಂದು ವರ್ಷದ್ದಲ್ಲ. ಗೌಡ ಇದನ್ನು ತನ್ನ ಮಾತಾಗಿ ಹೇಳದೆ 'ರಯತರು ಮಾತನಾಡುತ್ತಿದ್ದಾರೆ' ಎಂದು ಹೇಳಿಸಿದ್ದಾನೆ, ಗಮನಿಸಿ.

ಅರ್ಜಿ ಮಾಮಲೇದಾರನಿಂದ ಪ್ರಾಂತ ಸಾಹೇಬರಿಗೆ, ಅಲ್ಲಿಂದ ಕಲೆಕ್ಟರಿಗೆ, ಮುಂದೆ ಕಮಿಷನರಿಗೆ, ಮುಂಬಯಿಗೆ ಹೋಗಿ ಹುಕುಂ ಇಳಿದುಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಅಷ್ಟರಲ್ಲಿ ಊರಿನ ಅರ್ಧ ಜನ ಬೇರೊಂದು ದಫ್ತರ ಸೇರಿರುತ್ತಿದ್ದರು: ಬರದ ಕಾಮಗಾರಿಯ ಹಾಜರಿ ಪಟ್ಟಿ. 1877ರ ಜನವರಿಯಲ್ಲಿ, ಬರದ ಪರಿಹಾರ ಕೆಲಸ ನೋಡಲು ಭಾರತ ಸರಕಾರ ಕಳಿಸಿದ್ದ ಸರ್ ರಿಚರ್ಡ್ ಟೆಂಪಲ್ ಅಲ್ಲಿನ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು ಮತ್ತು ಒಂದು ಆಣೆಗೆ ಇಳಿಸಿದರು. ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಮುಂಬಯಿ ಇಲಾಖೆಯಲ್ಲಿ ಕೂಲಿಗಳು ಕೆಲಸ ಬಿಟ್ಟು ನಡೆದರು, ಪುಣೆಯ ಸಾರ್ವಜನಿಕ ಸಭೆ ಎಂಬ ಸಂಘ ಅವರ ಪರವಾಗಿ ಸರಕಾರಕ್ಕೆ ಬರೆಯಿತು.

ಆ ಹಾಜರಿ ಪಟ್ಟಿಯ ಹೆಸರುಗಳಿಗೂ ಗೌಡನ ಅರ್ಜಿಯ ನೇಗಿಲ ನಿಶಾನಿಗಳಿಗೂ ತಾಳೆ ನೋಡಿದವರಿಗೆ ಒಂದು ವಿಷಯ ಹೊಳೆಯುತ್ತದೆ. ಭೂಮಿಯಿಲ್ಲದ ಕೂಲಿ, ನೇಕಾರ, ಊರಿನ ಹೊರಗೇರಿಯವರು ಯಾರೂ ಅರ್ಜಿಯಲ್ಲಿಲ್ಲ. ಅವರು ಆಕಾರ ಕಟ್ಟುವವರಲ್ಲ, ಮಾಫಿಯಾದರೂ ಅವರಿಗೆ ಒಂದು ಹಿಡಿ ಕಾಳು ದಕ್ಕದು. ಮಾಫಿಯ ದೊಡ್ಡ ಪಾಲು ಹೋಗುವುದು ಹೆಚ್ಚು ಎಕರೆ ಇದ್ದವನಿಗೆ, ಬಹಳ ಊರುಗಳಲ್ಲಿ ಅವನು ಗೌಡನೇ. ಬರದಲ್ಲಿ ಮೊದಲು ಸತ್ತವರನ್ನು ಹುಡುಕುವವರು ತೆರಿಗೆಯ ಕಡತಗಳನ್ನು ಬಿಟ್ಟು ಕಾಮಗಾರಿ ಮತ್ತು ಗಂಜಿಕೇಂದ್ರದ ಕಡತಗಳಿಗೆ ಹೋಗಬೇಕಾಗುತ್ತದೆ.

ಅರ್ಜಿಯ ಫಲ ತಿಳಿಯಲು ಅದರ ಮೇಲಿನ ಹುಕುಮನ್ನಷ್ಟೇ ಓದಿ ನಿಲ್ಲಿಸಬೇಡಿ. ಅದೇ ಊರಿನ 1877–78 ಮತ್ತು 1878–79ರ ಜಮಾಬಂದಿ, ಅಂದರೆ ವರ್ಷದ ಕಂದಾಯ ಲೆಕ್ಕ, ತೆಗೆಸಿ ಹಳೇ ಬಾಕಿಯ ಕಾಲಂ ನೋಡಿ. ಅಲ್ಲಿ 2,400 ಹಾಗೇ ಕೂತಿದ್ದರೆ ಸಿಕ್ಕಿದ್ದು ತಹಕೂಬ್. ವರ್ಷಕ್ಕಿಷ್ಟು ಎಂದು ಕರಗುತ್ತ ಬಂದಿದ್ದರೆ, ಯಾರ ಖಾತೆಯಿಂದ ಯಾರ ಖಾತೆಗೆ ಜಮೀನು ಹೋದ ಮೇಲೆ ಆ ಹಣ ಬಂತು ಎಂಬುದನ್ನು ಹಕ್ಕು ಬದಲಾವಣೆಯ ಕಾಗದಗಳಲ್ಲಿ ಹುಡುಕಬೇಕು.