ಗೊತ್ತಿದ್ದೂ ಮಂಗಳಕ್ಕೆ ಹೋದ ಬಗ್

1997ರ ಜುಲೈ 4ರಂದು ಮಂಗಳದ ನೆಲ ಮುಟ್ಟಿದ ನಾಸಾದ ಪಾತ್‌ಫೈಂಡರ್ ನೌಕೆಯು ಹವಾಮಾನದ ಮಾಹಿತಿ ಸಂಗ್ರಹಿಸಲು ತೊಡಗಿದ ಕೆಲವೇ ದಿನಗಳಲ್ಲಿ ತಾನಾಗಿಯೇ ರೀಸೆಟ್ ಆಗತೊಡಗಿತು. ಕಂಪ್ಯೂಟರ್ ಹೀಗೆ ಮತ್ತೆ ಮೊದಲಿನಿಂದ ಶುರುವಾದಾಗಲೆಲ್ಲ ಆ ದಿನಕ್ಕೆಂದು ಭೂಮಿಯಿಂದ ಕಳುಹಿಸಿದ್ದ ಉಳಿದ ಕೆಲಸಗಳು ಮರುದಿನಕ್ಕೆ ಬೀಳುತ್ತಿದ್ದವು. ದೋಷವನ್ನು ತಂಡವು ಪತ್ತೆ ಮಾಡಿ ಸರಿಪಡಿಸಿದ ಕಥೆ ಸಾಫ್ಟ್‌ವೇರ್ ವಲಯದಲ್ಲಿ ಪ್ರಸಿದ್ಧವಾಗಿದೆ. ಅಷ್ಟಾಗಿ ಚರ್ಚೆಯಾಗದ ಸಂಗತಿ ಬೇರೊಂದಿದೆ: ಇಂಥ ರೀಸೆಟ್‌ಗಳನ್ನು ಎಂಜಿನಿಯರುಗಳು ನೌಕೆ ಮಂಗಳದಲ್ಲಿ ಇಳಿಯುವ ಮೊದಲೇ ಕಂಡಿದ್ದರು, ಕಂಡೂ ಅದನ್ನು ಕೆಳಗಿನ ಆದ್ಯತೆಯಲ್ಲಿ ಇಟ್ಟಿದ್ದರು. ಅದು ಅಸಡ್ಡೆಯೋ ಲೆಕ್ಕಾಚಾರವೋ ಎಂದು ತಿಳಿಯಬೇಕಾದರೆ ಒಂದು ದೋಷವು ವರದಿಯಾದ ಗಳಿಗೆಯಿಂದ ಮುಚ್ಚುವವರೆಗೆ ಯಾವ ಹಂತಗಳನ್ನು ಹಾಯುತ್ತದೆ ಎಂಬುದನ್ನು ನೋಡಬೇಕು.

ಪಾತ್‌ಫೈಂಡರ್ ಇಳಿದ ಮರುವರ್ಷ, ಅಂದರೆ 1998ರಲ್ಲಿ, ಮೊಝಿಲ್ಲಾ ಯೋಜನೆಗಾಗಿ ರೂಪುಗೊಂಡ, ದೋಷಗಳ ವರದಿಗಳನ್ನು ದಾಖಲಿಸಿ ನಿರ್ವಹಿಸುವ ಬಗ್‌ಝಿಲ್ಲಾ ಎಂಬ ತಂತ್ರಾಂಶವು ಈ ಹಂತಗಳಿಗೆ ಕೊಟ್ಟ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಅದರ ಈಚಿನ ಆವೃತ್ತಿಗಳಲ್ಲಿ ಹೊರಗಿನವರು ಬರೆದ ವರದಿ ಸಾಮಾನ್ಯವಾಗಿ `UNCONFIRMED` ಎಂಬ ಸ್ಥಿತಿಯಲ್ಲಿ ಹುಟ್ಟುತ್ತದೆ. ಬೇರೊಬ್ಬರು ಅದೇ ತೊಂದರೆಯನ್ನು ತಮ್ಮಲ್ಲೂ ಕಂಡಾಗ ಅದು `CONFIRMED` ಆಗುತ್ತದೆ, ಪ್ರೋಗ್ರಾಮರ್ ಕೈಗೆತ್ತಿಕೊಂಡಾಗ `IN_PROGRESS`, ಅವರ ಕೆಲಸ ಮುಗಿದಾಗ `RESOLVED`, ಪರೀಕ್ಷಕರು ನೋಡಿ ಒಪ್ಪಿದಾಗ `VERIFIED`. ಇವನ್ನು ದೋಷದ ಗುಣಗಳೆಂದು ಓದುವುದಕ್ಕಿಂತ, ಈಗ ಯಾರ ಸರದಿ ಎಂದು ಹೇಳುವ ಗುರುತುಗಳೆಂದು ಓದುವುದು ಉಪಯುಕ್ತ. ಸರಿಪಡಿಸಿದವರೇ ಸರಿಯಾಗಿದೆ ಎಂದು ಪ್ರಮಾಣಪತ್ರ ಕೊಟ್ಟುಕೊಳ್ಳಬಾರದು ಎಂಬ ಕಾರಣಕ್ಕೇ ಕೊನೆಯ ಎರಡು ಸ್ಥಿತಿಗಳನ್ನು ಬೇರೆಬೇರೆ ಇಟ್ಟಿದ್ದಾರೆ. ಪರೀಕ್ಷಕರು ಒಪ್ಪದಿದ್ದರೆ ದೋಷ ಹಿಂದಕ್ಕೆ ಹೋಗುತ್ತದೆ.

`RESOLVED` ಎಂದರೆ ಸರಿಹೋಯಿತು ಎಂದೇ ಅರ್ಥವಲ್ಲ. ತೀರ್ಮಾನವಾಯಿತು ಎಂದಷ್ಟೇ ಅರ್ಥ. ಆ ತೀರ್ಮಾನ `FIXED` ಆಗಿರಬಹುದು, ಈಗಾಗಲೇ ವರದಿಯಾಗಿದೆ ಎಂಬ `DUPLICATE` ಆಗಿರಬಹುದು, ದೋಷ ನಿಜವಾದರೂ ಮುಟ್ಟುವುದಿಲ್ಲ ಎಂಬ `WONTFIX` ಆಗಿರಬಹುದು. ಇವುಗಳಲ್ಲಿ ನನಗೆ ಅತ್ಯಂತ ಅನುಮಾನ ಹುಟ್ಟಿಸುವುದು `WORKSFORME`, ಅಂದರೆ "ನನ್ನಲ್ಲಿ ಚೆನ್ನಾಗಿಯೇ ನಡೆಯುತ್ತಿದೆ" ಎಂಬ ಉತ್ತರ. ದೋಷ ಮರುಕಳಿಸಲಿಲ್ಲ ಎಂಬುದು ದೋಷ ಇಲ್ಲ ಎಂಬುದಕ್ಕೆ ಸಾಕ್ಷಿಯಾಗದು; ದೋಷ ಹುಟ್ಟುವ ಸನ್ನಿವೇಶವನ್ನು ನಾವಿನ್ನೂ ಹಿಡಿದಿಲ್ಲ ಎಂಬುದಕ್ಕೂ ಅದು ಅಷ್ಟೇ ಸಾಕ್ಷಿ.

ವರದಿಗಳು ನೂರಾಗಿ, ಪ್ರೋಗ್ರಾಮರುಗಳು ನಾಲ್ವರೇ ಇದ್ದಾಗ ಯಾವುದು ಮೊದಲು ಎಂದು ನಿರ್ಧರಿಸುವ ಸಭೆಗೆ ಟ್ರಯಾಜ್ ಎನ್ನುತ್ತಾರೆ. ಗಾಯಾಳುಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವ ವೈದ್ಯಕೀಯ ಪದ್ಧತಿಯಿಂದ ಈ ಹೆಸರು ಬಂದಿದೆ. ಸಭೆಯ ಮುಂದಿರುವುದು ಎರಡು ಬೇರೆಬೇರೆ ಅಳತೆಗಳು. ದೋಷ ಸಂಭವಿಸಿದರೆ ಎಷ್ಟು ಕೆಡುತ್ತದೆ ಎಂಬುದು ತೀವ್ರತೆ, ಎಷ್ಟು ಬೇಗ ಸರಿಪಡಿಸಬೇಕು ಎಂಬುದು ಆದ್ಯತೆ. ಮೊದಲನೆಯದನ್ನು ಸಾಮಾನ್ಯವಾಗಿ ಪರೀಕ್ಷಕರು ಬರೆಯುತ್ತಾರೆ. ಎರಡನೆಯದು ಪರೀಕ್ಷಕರು, ಪ್ರೋಗ್ರಾಮರುಗಳು, ಬಳಕೆದಾರರ ಪರವಾಗಿ ಮಾತನಾಡುವವರು ಒಟ್ಟಿಗೆ ಕೂತು ನಿರ್ಧರಿಸಬೇಕಾದದ್ದು.

ಇವೆರಡೂ ಹೇಗೆ ಕವಲೊಡೆಯುತ್ತವೆ ಎಂಬುದಕ್ಕೆ ಒಂದು ಕಾಲ್ಪನಿಕ ಸಭೆಯನ್ನು ನೋಡೋಣ. ವಿದ್ಯುತ್ ಬಿಲ್ ಕಟ್ಟುವ ಒಂದು ಆ್ಯಪ್‌ನ ಹೊಸ ಆವೃತ್ತಿ ಐದು ದಿನಗಳಲ್ಲಿ ಹೊರಬರಬೇಕಿದೆ, ಮೇಜಿನ ಮೇಲೆ ಮೂರು ದೋಷಗಳಿವೆ. ಮೊದಲನೆಯದರಲ್ಲಿ ಪಾವತಿಯ ನಡುವೆ ನೆಟ್‌ವರ್ಕ್ ಹೋದಾಗ ಬಳಕೆದಾರರು ಗುಂಡಿಯನ್ನು ಮತ್ತೆ ಒತ್ತಿದರೆ ಹಣ ಎರಡು ಬಾರಿ ಕಡಿತವಾಗುತ್ತದೆ. ಎರಡನೆಯದರಲ್ಲಿ, ಈಗ ಬಹುತೇಕ ಯಾರೂ ಬಳಸದ ಹಳೆಯ ಮಾದರಿಯ ಫೋನಿನಲ್ಲಿ ಆ್ಯಪ್ ತೆರೆದೊಡನೆ ಮುಚ್ಚಿಕೊಳ್ಳುತ್ತದೆ. ಮೂರನೆಯದರಲ್ಲಿ ಮೊದಲ ಪರದೆಯ ಕನ್ನಡ ಶೀರ್ಷಿಕೆಯ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಒಡೆದು ನಿಲ್ಲುತ್ತವೆ.

ತೀವ್ರತೆಯನ್ನಷ್ಟೇ ನೋಡಿದರೆ ಒತ್ತಕ್ಷರದ ದೋಷ ಕೊನೆಯ ಸ್ಥಾನಕ್ಕೆ ಹೋಗುತ್ತದೆ, ಏಕೆಂದರೆ ಅದರಿಂದ ಯಾರ ಕೆಲಸವೂ ನಿಲ್ಲುವುದಿಲ್ಲ. ಆದರೆ ಅದು ಕನ್ನಡದಲ್ಲಿ ಆ್ಯಪ್ ಬಳಸುವ ಪ್ರತಿಯೊಬ್ಬರ ಕಣ್ಣಿಗೂ ಪ್ರತಿ ಸಲ ಬೀಳುತ್ತದೆ, ಹಣದ ವ್ಯವಹಾರ ನಡೆಸುವ ಪರದೆಯ ಮೇಲಿನ ನಂಬಿಕೆಯನ್ನು ಕುಗ್ಗಿಸುತ್ತದೆ, ಮತ್ತು ಫಾಂಟ್ ಬದಲಿಸಿದರೆ ಅರ್ಧ ಗಂಟೆಯಲ್ಲಿ ಸರಿಯಾಗುತ್ತದೆ. ಆದ್ದರಿಂದ ಅದು ಈ ಆವೃತ್ತಿಯಲ್ಲೇ ಸರಿಯಾಗುತ್ತದೆ. ಹಳೆಯ ಫೋನಿನ ದೋಷವು ತೀವ್ರವಾದರೂ ತಗಲುವವರು ತೀರಾ ಕಡಿಮೆಯಾದ್ದರಿಂದ ಮುಂದಿನ ಆವೃತ್ತಿಗೆ ಹೋಗುತ್ತದೆ. ಎರಡು ಬಾರಿ ಹಣ ಕಡಿತವಾಗುವ ದೋಷ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ, ಆದರೆ ಅಲ್ಲೊಂದು ತೊಡಕಿದೆ: ಪಾವತಿಯ ಕೋಡನ್ನು ಬಿಡುಗಡೆಗೆ ಐದು ದಿನ ಇರುವಾಗ ಬಿಚ್ಚಿದರೆ ಈಗ ಸರಿಯಾಗಿರುವ ಇನ್ನೇನೋ ಕೆಟ್ಟೀತು. ಅನುಭವಿ ಸಭೆ ಇಲ್ಲಿ ಕೆಲಸವನ್ನು ಎರಡಾಗಿ ಸೀಳುತ್ತದೆ. ಹಿಂದಿನ ಪಾವತಿಯ ಫಲಿತಾಂಶ ತಿಳಿಯುವವರೆಗೆ ಗುಂಡಿಯನ್ನು ನಿಷ್ಕ್ರಿಯಗೊಳಿಸುವ ಸಣ್ಣ ಬದಲಾವಣೆ ಈಗ. ಪ್ರತಿ ಪಾವತಿಗೂ ಅದರದ್ದೇ ಆದ ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ತಿರಸ್ಕರಿಸುವಂತೆ ಮಾಡುವ ನಿಜವಾದ ಪರಿಹಾರ ಮುಂದಿನ ಬಾರಿ. ಎರಡನೇ ಭಾಗಕ್ಕೆ ಪ್ರತ್ಯೇಕ ವರದಿ ತೆರೆಯದೆ ಮೊದಲನೆಯದನ್ನೇ `FIXED` ಎಂದು ಮುಚ್ಚಿಬಿಟ್ಟರೆ, ಆ್ಯಪ್ ಮುಚ್ಚಿ ಮತ್ತೆ ತೆರೆದು ಪಾವತಿಸುವವರ ಹಣ ಮುಂದೆಯೂ ಎರಡು ಬಾರಿ ಹೋಗುತ್ತಿರುತ್ತದೆ, ಪಟ್ಟಿಯಲ್ಲಿ ಮಾತ್ರ ದೋಷ ಇರುವುದಿಲ್ಲ.

ಪಾತ್‌ಫೈಂಡರ್ ತಂಡದ ನಿರ್ಧಾರವನ್ನು ಇದೇ ಅಳತೆಗಳಲ್ಲಿ ನೋಡಬಹುದು. ಭೂಮಿಯ ಮೇಲೆ ಕಂಡ ರೀಸೆಟ್‌ಗಳನ್ನು ಬೇಕೆಂದಾಗ ಮರುಕಳಿಸಲು ಅವರಿಂದ ಆಗಲಿಲ್ಲ. ರೀಸೆಟ್ ಆದರೂ ಅಷ್ಟರಲ್ಲಿ ಸಂಗ್ರಹಿಸಿದ ಮಾಹಿತಿ ಅಳಿಯುತ್ತಿರಲಿಲ್ಲ, ನಷ್ಟವಾಗುತ್ತಿದ್ದದ್ದು ಸಮಯ. ಇನ್ನೊಂದು ತಕ್ಕಡಿಯಲ್ಲಿ ನೌಕೆಯನ್ನು ಮಂಗಳದ ವಾತಾವರಣದೊಳಗೆ ತಂದು ಇಳಿಸುವ ಸಾಫ್ಟ್‌ವೇರ್ ಇತ್ತು, ಅದು ತಪ್ಪಿದರೆ ನೌಕೆಯೇ ಇರುತ್ತಿರಲಿಲ್ಲ. ಗಮನ ಅತ್ತ ಹೋಯಿತು, ಸಮಯ ಮುಗಿಯಿತು. ನನ್ನ ಅಭಿಪ್ರಾಯದಲ್ಲಿ ಈ ನಿರ್ಧಾರ ಸರಿಯಾಗಿಯೇ ಇತ್ತು. ಮುಖ್ಯವಾಗಿ, ದೋಷವನ್ನು ಅವರು ಕೆಳಗಿಟ್ಟರೇ ಹೊರತು ಇಲ್ಲವೆಂದು ಮುಚ್ಚಲಿಲ್ಲ.

ಮಂಗಳದ ಮೇಲೆ ಅದೇಕೆ ಪದೇ ಪದೇ ಬಂತು? ಅಲ್ಲಿಂದ ಬರುತ್ತಿದ್ದ ಮಾಹಿತಿಯ ಪ್ರಮಾಣವು ನಿರೀಕ್ಷೆಗಿಂತ ಹೆಚ್ಚಿತ್ತು, ಆದ್ದರಿಂದ ಪರೀಕ್ಷೆಯಲ್ಲಿ ಅಪರೂಪವಾಗಿದ್ದ ಸನ್ನಿವೇಶ ಅಲ್ಲಿ ಸಾಮಾನ್ಯವಾಯಿತು. ಹವಾಮಾನದ ಕೆಲಸಕ್ಕೆ ಕಂಪ್ಯೂಟರ್ ಕಡಿಮೆ ಆದ್ಯತೆ ಕೊಟ್ಟಿತ್ತು, ಮಾಹಿತಿ ಹಂಚುವ ಕೆಲಸಕ್ಕೆ ಹೆಚ್ಚಿನದನ್ನು. ಎರಡಕ್ಕೂ ಬೇಕಾದ, ಆದರೆ ಒಮ್ಮೆಗೆ ಒಂದೇ ಕೆಲಸ ಹಿಡಿಯಬಲ್ಲ ಒಂದು ಬೀಗವನ್ನು ಹವಾಮಾನದ ಕೆಲಸ ಹಿಡಿದಿದ್ದಾಗ ಮಧ್ಯಮ ಆದ್ಯತೆಯ ಕೆಲಸಗಳು ನುಗ್ಗಿ ಅದನ್ನು ತಡೆಯುತ್ತಿದ್ದವು, ಬೀಗಕ್ಕಾಗಿ ಮೇಲಿನದು ಕಾಯುತ್ತಲೇ ಉಳಿಯುತ್ತಿತ್ತು, ಗಡುವು ಮೀರಿತೆಂದು ಕಾವಲು ವ್ಯವಸ್ಥೆ ಇಡೀ ಕಂಪ್ಯೂಟರನ್ನು ರೀಸೆಟ್ ಮಾಡುತ್ತಿತ್ತು. ಆದ್ಯತೆ ತಲೆಕೆಳಗಾಗಿ ಹುಟ್ಟಿದ ದೋಷವೇ ಸಭೆಯಲ್ಲಿ ಕಡಿಮೆ ಆದ್ಯತೆ ಪಡೆದಿತ್ತು ಎಂಬುದು ಕಾಕತಾಳೀಯವಾದರೂ ಸ್ವಾರಸ್ಯಕರ.

ಭೂಮಿಯ ಮೇಲಿದ್ದ ನೌಕೆಯ ಪ್ರತಿರೂಪದಲ್ಲಿ, ಪ್ರತಿ ಹೆಜ್ಜೆಯ ದಾಖಲೆ ತೆಗೆಯುತ್ತಾ, ತಂಡವು ಕೊನೆಗೂ ರೀಸೆಟ್ ಅನ್ನು ಮರುಕಳಿಸಿತು. ಬೀಗ ಹಿಡಿದಿರುವ ಕೆಲಸವು ಅದಕ್ಕಾಗಿ ಕಾಯುತ್ತಿರುವವರ ಹೆಚ್ಚಿನ ಆದ್ಯತೆಯನ್ನು ತಾತ್ಕಾಲಿಕವಾಗಿ ಪಡೆಯುವ ವ್ಯವಸ್ಥೆಯು ನೌಕೆಯ ಕಾರ್ಯಾಚರಣಾ ವ್ಯವಸ್ಥೆಯಾದ ವಿಎಕ್ಸ್‌ವರ್ಕ್ಸ್‌ನಲ್ಲಿ ಮೊದಲೇ ಇತ್ತು, ಅದನ್ನು ಆ ಬೀಗಕ್ಕೆ ಚಾಲೂ ಮಾಡಿರಲಿಲ್ಲ ಅಷ್ಟೇ. ಪರಿಹಾರ ಕೈಯಲ್ಲಿದ್ದರೂ ಅವರು ಅದನ್ನು ತಕ್ಷಣ ಕಳುಹಿಸಲಿಲ್ಲ. ಆ ಆಯ್ಕೆ ಅದೇ ಬಗೆಯ ಎಲ್ಲ ಬೀಗಗಳಿಗೂ ಅನ್ವಯವಾಗುವಂಥದ್ದಾಗಿದ್ದರಿಂದ ಉಳಿದವು ಕೆಡುತ್ತವೆಯೇ, ವೇಗ ಕುಗ್ಗುತ್ತದೆಯೇ ಎಂದು ವಿಎಕ್ಸ್‌ವರ್ಕ್ಸ್ ತಯಾರಕರನ್ನು ವಿಚಾರಿಸಿ, ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಬದಲಾವಣೆಯನ್ನು ಮಂಗಳಕ್ಕೆ ರವಾನಿಸಿದರು.